ಭೇಟಿ ನೀಡಲಿದ್ದಾರೆ ಸರಿ, ತೆರವು ಮಾಡಲಿದ್ದಾರೆ ತಪ್ಪು

ಕನ್ನಡ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ನಾನು ಉಪಸಂಪಾದಕ. ಇಂಗ್ಲಿಷ್ ಏಜೆನ್ಸಿಗಳಿಂದ ಬರುವ ಸುದ್ದಿಯನ್ನು ಕನ್ನಡದಲ್ಲಿ ಮತ್ತೆ ಬರೆಯುವುದೇ ದಿನದ ಹೆಚ್ಚಿನ ಕೆಲಸ. ಸೇರಿದ ಹೊಸದರಲ್ಲಿ ಮಾಡಿದ ಒಂದು ತಪ್ಪು ಇವತ್ತಿಗೂ ನೆನಪಿದೆ. ಅದಾದ ಮೇಲೆ ಇಂಗ್ಲಿಷ್ ಕಾಪಿಯಲ್ಲಿ ‘ಈಸ್ ಟು’, ‘ಆರ್ ಟು’ ಕಂಡರೆ ಕೈ ತಾನಾಗಿ ನಿಲ್ಲುತ್ತದೆ.

ಸುದ್ದಿ ಚಿಕ್ಕದು. ಒಂದು ಊರಿನ ಹಳೇ ಮಾರುಕಟ್ಟೆಯನ್ನು ಕೆಡವಿ ಹೊಸದು ಕಟ್ಟಬೇಕಿತ್ತು. ಕಾಪಿಯ ಮೊದಲ ಸಾಲು ‘ದ ಮಿನಿಸ್ಟರ್ ಈಸ್ ಟು ವಿಸಿಟ್ ದ ಮಾರ್ಕೆಟ್ ಆನ್ ಸ್ಯಾಟರ್ಡೇ’. ಎರಡನೆಯ ಸಾಲು ‘ಟ್ರೇಡರ್ಸ್ ಆರ್ ಟು ವೆಕೇಟ್ ದ ಸ್ಟಾಲ್ಸ್ ಬೈ ಫ್ರೈಡೇ’. ರಾತ್ರಿ ಹತ್ತೂವರೆ ದಾಟಿತ್ತು, ಪುಟ ಕಳಿಸುವ ಅವಸರ. ನಾನು ಬರೆದದ್ದು: ‘ಸಚಿವರು ಶನಿವಾರ ಮಾರುಕಟ್ಟೆಗೆ ಭೇಟಿ ನೀಡಲಿದ್ದಾರೆ. ವ್ಯಾಪಾರಿಗಳು ಶುಕ್ರವಾರದೊಳಗೆ ಮಳಿಗೆಗಳನ್ನು ತೆರವು ಮಾಡಲಿದ್ದಾರೆ.’

ಮಾರನೇ ದಿನ ಬೆಳಿಗ್ಗೆ ಕಚೇರಿಗೆ ಫೋನ್ ಬಂತು. ಆ ಕಡೆ ಒಬ್ಬ ವ್ಯಾಪಾರಿ. ‘ಸಾರ್, ನಾವು ಖಾಲಿ ಮಾಡ್ತೀವಿ ಅಂತ ಯಾವಾಗ ಒಪ್ಕೊಂಡ್ವಿ? ನೋಟಿಸ್ ಕೊಟ್ಟಿದ್ದಾರೆ ಅಷ್ಟೇ. ನಾವು ಕೋರ್ಟಿಗೆ ಹೋಗೋ ಯೋಚನೆಯಲ್ಲಿದ್ದೀವಿ. ನಿಮ್ಮ ಪೇಪರ್ ನೋಡಿ ನಮ್ಮವರೇ ನನ್ನನ್ನ ಅನುಮಾನದಿಂದ ನೋಡ್ತಿದ್ದಾರೆ!’

ನಮ್ಮ ಮುಖ್ಯ ಉಪಸಂಪಾದಕರು ಇಂಗ್ಲಿಷ್ ಕಾಪಿ ತೆಗೆಸಿ ನೋಡಿದರು. ‘ಏನಪ್ಪಾ, ಎರಡು ಕಡೆನೂ ಒಂದೇ ಅಚ್ಚು ಹೊಡೆದಿದ್ದೀಯ. ಸಚಿವರು ಬರೋದು ಅವರ ಕಾರ್ಯಕ್ರಮ. ಅಂಗಡಿಯವರು ಖಾಲಿ ಮಾಡೋದು ಯಾರ ಕಾರ್ಯಕ್ರಮ?’ ಎಂದರು. ಬೈದದ್ದು ಅಷ್ಟೇ. ಪತ್ರಿಕೆ ಮರುದಿನ ತಿದ್ದುಪಡಿ ಹಾಕಿತು.

ನಾನು ಯಾಕೆ ಎಡವಿದೆ ಅಂತ ಆಮೇಲೆ ಕೂತು ನೋಡಿದೆ. ಇಂಗ್ಲಿಷ್‌ನ ಈ ರೂಪ ಒಂದೇ ಬಟ್ಟೆಯಲ್ಲಿ ಎರಡು ಮಾತು ಕಟ್ಟಿಕೊಡುತ್ತದೆ. ಒಂದು, ಮೊದಲೇ ಗೊತ್ತುಮಾಡಿದ ಏರ್ಪಾಡು. ಇನ್ನೊಂದು, ಮೇಲಿನವರ ಆದೇಶ. ಎರಡರಲ್ಲೂ ‘ಇದು ನಿಗದಿಯಾಗಿದೆ’ ಎಂಬ ಅಧಿಕೃತ ದನಿ ಇರುತ್ತದೆ. ಅದಕ್ಕೇ ಪತ್ರಿಕೆಗಳಿಗೂ ಸರ್ಕಾರಿ ಪ್ರಕಟಣೆಗಳಿಗೂ ಅದು ಅಚ್ಚುಮೆಚ್ಚು. ನಮ್ಮಲ್ಲಿ ‘ನೀಡಲಿದ್ದಾರೆ’ ಎಂಬುದನ್ನು ಬಿಡಿಸಿದರೆ ‘ನೀಡಲು ಇದ್ದಾರೆ’. ಅಲ್ಲಿಯ ‘ಈಸ್’ಗೆ ಇಲ್ಲಿ ‘ಇದ್ದಾರೆ’, ಅಲ್ಲಿಯ ‘ಟು ವಿಸಿಟ್’ಗೆ ಇಲ್ಲಿ ‘ಭೇಟಿ ನೀಡಲು’. ಎರಡು ಭಾಷೆಯ ಕಟ್ಟಡ ಇಷ್ಟು ಚೆನ್ನಾಗಿ ಹೊಂದುವುದು ಅಪರೂಪ. ಆದರೆ ಕನ್ನಡದ ಈ ರೂಪ ಏರ್ಪಾಡನ್ನೋ ಮುಂದೆ ಆಗುವುದನ್ನೋ ಹೇಳುತ್ತದೆ, ಆದೇಶವನ್ನು ಹೊರುವುದಿಲ್ಲ. ‘ತೆರವು ಮಾಡಲಿದ್ದಾರೆ’ ಅಂದರೆ ಅವರೇ ಮನಸ್ಸು ಮಾಡಿ ಹೊರಟಿದ್ದಾರೆ ಎಂದೇ ಓದುಗರಿಗೆ ಕೇಳಿಸುತ್ತದೆ.

ಅಂದಿನಿಂದ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ತೀರ್ಮಾನ ಮಾಡಿದ್ದು ಯಾರು? ಕೆಲಸ ಮಾಡುವವರೇ, ಅಥವಾ ಅವರ ಪರವಾಗಿ ಅವರ ಕಚೇರಿಯೇ ಗೊತ್ತುಮಾಡಿದ್ದರೆ ‘-ಲಿದ್ದಾರೆ’. ಬೇರೆಯವರು ಹೇರಿದ್ದರೆ ‘ಬೇಕು’, ಜೊತೆಗೆ ಹೇರಿದವರ ಹೆಸರು. ಈ ಎರಡನೆಯ ಭಾಗವೇ ಕಷ್ಟ. ಇಂಗ್ಲಿಷ್ ವಾಕ್ಯ ಆದೇಶ ಕೊಟ್ಟವರನ್ನು ಸುಮ್ನೆ ಮರೆಮಾಡಿಬಿಡುತ್ತದೆ. ‘ಟ್ರೇಡರ್ಸ್ ಆರ್ ಟು ವೆಕೇಟ್’ ಎಂಬಲ್ಲಿ ಹೇಳಿದವರು ಯಾರು? ಕಾಪಿಯ ನಾಲ್ಕನೇ ಪ್ಯಾರಾದಲ್ಲಿ ನಗರಸಭೆಯ ನೋಟಿಸಿನ ಮಾತಿತ್ತು. ನಾನು ಅಲ್ಲಿತನಕ ಓದಿರಲಿಲ್ಲ. ಓದಿದ್ದರೆ ‘ಶುಕ್ರವಾರದೊಳಗೆ ಮಳಿಗೆ ತೆರವು ಮಾಡುವಂತೆ ವ್ಯಾಪಾರಿಗಳಿಗೆ ನಗರಸಭೆ ನೋಟಿಸ್ ನೀಡಿದೆ’ ಎಂದು ಬರೆಯುತ್ತಿದ್ದೆ. ಈ ವಾಕ್ಯದಲ್ಲಿ ವ್ಯಾಪಾರಿಗಳು ಒಪ್ಪಿದರೋ ಇಲ್ಲವೋ ಎಂಬುದಕ್ಕೆ ನಾವು ಕೈ ಹಾಕುವುದೇ ಇಲ್ಲ.

‘ತೆರವು ಮಾಡುವಂತೆ ಸೂಚಿಸಲಾಗಿದೆ’ ಎಂದೂ ಬರೆಯಬಹುದು, ಡೆಸ್ಕಿನಲ್ಲಿ ಬಹಳ ಜನ ಹಾಗೇ ಬರೆಯುತ್ತಾರೆ. ನನಗೆ ಇಷ್ಟವಿಲ್ಲ. ಇಂಗ್ಲಿಷ್ ಮುಚ್ಚಿಟ್ಟ ಹೆಸರನ್ನು ಕನ್ನಡವೂ ಮುಚ್ಚಿಟ್ಟ ಹಾಗಾಗುತ್ತದೆ. ‘ಬಿಗಿ ಭದ್ರತೆ ಒದಗಿಸಲಾಗುವುದು’ ಎಂಬಂಥ ಸಾಲುಗಳೂ ಅಷ್ಟೇ. ಅದು ಇಲಾಖೆ ತನ್ನ ಬಾಯಲ್ಲಿ ಹೇಳುವ ಮಾತು. ಪತ್ರಿಕೆ ಹಾಗೆ ಬರೆದರೆ ನಾವೇ ಭದ್ರತೆ ಕೊಡುವವರ ಥರ ಕೇಳಿಸುತ್ತದೆ, ಅಲ್ವಾ?

ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ತಿಳಿಯಲು ಕಾವೇರಿ ಸುದ್ದಿ ಸಾಕು. 2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ತಮಿಳುನಾಡಿಗೆ ಹತ್ತು ದಿನ ದಿನಕ್ಕೆ 15,000 ಕ್ಯುಸೆಕ್ ನೀರು ಬಿಡಲು ಕರ್ನಾಟಕಕ್ಕೆ ಹೇಳಿತು. 12ರಂದು ಅದನ್ನು 12,000ಕ್ಕೆ ಇಳಿಸಿ, 20ರವರೆಗೆ ಬಿಡಲು ಹೇಳಿತು. ಇಂಥ ಸುದ್ದಿಗೆ ಇಂಗ್ಲಿಷ್‌ನಲ್ಲಿ ‘ಕರ್ನಾಟಕ ಟು ರಿಲೀಸ್ ವಾಟರ್’ ಅಂತ ತಲೆಬರಹ ಕೊಟ್ಟರೆ ಅಲ್ಲಿಯ ಓದುಗರಿಗೆ ಏನೂ ಅನಿಸದು. ತಲೆಬರಹದಲ್ಲಿ ‘ಈಸ್’ ಬಿದ್ದುಹೋಗಿ ಬರೀ ‘ಟು’ ಉಳಿಯುತ್ತದೆ. ಆ ‘ಟು’ ಯೋಜನೆಯೂ ಆಗಬಹುದು, ಮಾತು ಕೊಟ್ಟದ್ದೂ ಆಗಬಹುದು, ಆದೇಶವೂ ಆಗಬಹುದು. ಅದನ್ನೇ ಹಿಡಿದು ‘ಕರ್ನಾಟಕ ನೀರು ಬಿಡಲಿದೆ’ ಎಂದು ಮಂಡ್ಯದ ಆವೃತ್ತಿಯಲ್ಲಿ ಹಾಕಿ ನೋಡಿ. ರಾಜ್ಯ ಸರ್ಕಾರ ತಾನಾಗಿ ಒಪ್ಪಿಬಿಟ್ಟಿತು ಎಂದಾಗುತ್ತದೆ. ‘ನೀರು ಬಿಡಿ: ಕರ್ನಾಟಕಕ್ಕೆ ಸುಪ್ರೀಂ ಆದೇಶ’ ಎಂದರೆ ಕೋರ್ಟ್ ಹೇಳಿದ್ದು ಒಂದು, ಸರ್ಕಾರ ಏನು ಮಾಡುತ್ತದೆ ಎಂಬುದು ಇನ್ನೊಂದು. ಆದೇಶದ ಮೇಲೆ ಸರ್ಕಾರ ಸಭೆ ನಡೆಸಿ ಬಿಡುವುದಾಗಿ ಹೇಳಿದ ಮೇಲೆ ‘ಬಿಡಲಿದೆ’ ಬಳಸಲು ಅಡ್ಡಿಯಿಲ್ಲ. ಆಗ ಅದು ಸರ್ಕಾರದ್ದೇ ತೀರ್ಮಾನ.

ನಿಷೇಧದ ವಾಕ್ಯಗಳಲ್ಲಿ ಇನ್ನೊಂದು ಕೊಕ್ಕೆ ಇದೆ. ‘ಬರಲಿದ್ದಾರೆ’ ಎಂಬುದನ್ನು ಅಲ್ಲಗಳೆಯಲು ಹೋದರೆ ‘ಬರಲಿಲ್ಲ’ ಆಗುತ್ತದೆ. ಅದು ಆಗಿಹೋದ ಮಾತು. ಮುಂದಿನ ಏರ್ಪಾಡನ್ನು ಇಲ್ಲ ಎನ್ನಲು ಕನ್ನಡದಲ್ಲಿ ಆ ರೂಪವೇ ಇಲ್ಲ. ಹಾಗಾಗಿ ಸಚಿವರು ಸಮಾರಂಭಕ್ಕೆ ಬರುವ ಕಾರ್ಯಕ್ರಮ ಇಲ್ಲವಾದರೆ ‘ಬರುತ್ತಿಲ್ಲ’ ಅಥವಾ ‘ಬರುವುದಿಲ್ಲ’ ಎನ್ನಬೇಕು. ಆದೇಶವಾದರೆ ‘-ವಂತಿಲ್ಲ’ ಇದೆ, ಬಹಳ ಗಟ್ಟಿ ಪದ. ಜಾಮೀನಿನ ಷರತ್ತಿನಲ್ಲಿ ‘ದ ಅಕ್ಯೂಸ್ಡ್ ಈಸ್ ನಾಟ್ ಟು ಲೀವ್ ದ ಸಿಟಿ’ ಎಂದಿದ್ದರೆ ‘ಆರೋಪಿ ನಗರ ಬಿಟ್ಟು ಹೋಗುವಂತಿಲ್ಲ’. ಇಲ್ಲಿ ‘ಹೋಗುವುದಿಲ್ಲ’ ಎಂದು ಬರೆದರೆ ಆರೋಪಿಯೇ ಕೋರ್ಟಿಗೆ ಭಾಷೆ ಕೊಟ್ಟಂತೆ ಕಾಣುತ್ತದೆ. ಹೊಸ ಹುಡುಗರ ಕಾಪಿಯಲ್ಲಿ ಇದನ್ನು ನಾನು ತಿಂಗಳಿಗೊಮ್ಮೆಯಾದರೂ ತಿದ್ದುತ್ತೇನೆ.

ಇನ್ನು ‘ವಾಸ್ ಟು’. 2019ರಲ್ಲಿ ಚಂದ್ರಯಾನ-2 ಜುಲೈ 15ರ ನಸುಕಿನ 2.51ಕ್ಕೆ ಶ್ರೀಹರಿಕೋಟಾದಿಂದ ಹೊರಡುವುದಿತ್ತು. 56 ನಿಮಿಷ ಬಾಕಿ ಇರುವಾಗ ತಾಂತ್ರಿಕ ತೊಂದರೆಯಿಂದ ಕೌಂಟ್‌ಡೌನ್ ನಿಲ್ಲಿಸಿದರು. ಕೊನೆಗೆ ಅದು ಹೊರಟದ್ದು 22ರ ಮಧ್ಯಾಹ್ನ. ಇಂಥ ಕಾಪಿಯಲ್ಲಿ ‘ವಾಸ್ ಟು ಹ್ಯಾವ್ ಲಿಫ್ಟೆಡ್ ಆಫ್’ ಎಂದಿದ್ದರೆ, ಆ ‘ಹ್ಯಾವ್’ ಒಂದೇ ಪದ ಕೆಲಸ ನಡೆಯಲಿಲ್ಲ ಎಂದು ಹೇಳಿಬಿಡುತ್ತದೆ. ಅವಸರದಲ್ಲಿ ಅದು ಕಣ್ತಪ್ಪುತ್ತದೆ. ಕನ್ನಡದಲ್ಲಿ ಇದಕ್ಕೆ ‘ಉಡಾವಣೆಯಾಗಬೇಕಿತ್ತು’ ಎಂಬ ಒಳ್ಳೆ ರೂಪ ಇದೆ, ನಡೆಯಲಿಲ್ಲ ಎಂಬ ಕೊರಗೂ ಅದರಲ್ಲೇ ಇದೆ. ‘ಹ್ಯಾವ್’ ಇಲ್ಲದೆ ಬರೀ ‘ವಾಸ್ ಟು ಲಿಫ್ಟ್ ಆಫ್’ ಎಂದಿದ್ದರೆ ಮಾತ್ರ ಆಯಿತೋ ಇಲ್ಲವೋ ಎಂದು ಆ ವಾಕ್ಯದಿಂದ ಗೊತ್ತಾಗುವುದಿಲ್ಲ. ಆಗ ಮುಂದಿನ ಸಾಲು ಓದಲೇಬೇಕು. ಅದೂ ಸಾಲದಿದ್ದರೆ ವರದಿಗಾರರಿಗೆ ಒಂದು ಫೋನ್.

ವ್ಯಕ್ತಿಚಿತ್ರಗಳಲ್ಲಿ ಬರುವ ‘ವಾಸ್ ಟು’ ಬೇರೆಯೇ ಜಾತಿ. 1994ರಲ್ಲಿ ಮುಖ್ಯಮಂತ್ರಿಯಾದ ದೇವೇಗೌಡರ ಬಗ್ಗೆ ‘ಹಿ ವಾಸ್ ಟು ಬಿಕಮ್ ಪ್ರೈಮ್ ಮಿನಿಸ್ಟರ್ ಇನ್ 1996’ ಎಂದಿದ್ದರೆ ‘ಆಗಬೇಕಿತ್ತು’ ಎಂದು ಹಾಕಿದವರು ಕೆಟ್ಟರು. ಇಲ್ಲಿ ಏರ್ಪಾಡೂ ಇಲ್ಲ, ಆದೇಶವೂ ಇಲ್ಲ. ಬರೆಯುವವರು ಹಿಂದೆ ನಿಂತು ಮುಂದಿನದನ್ನು ಹೇಳುತ್ತಿದ್ದಾರೆ ಅಷ್ಟೇ. ‘ಮುಂದೆ 1996ರಲ್ಲಿ ಪ್ರಧಾನಿಯಾದರು’ ಎಂದರೆ ಮುಗಿಯಿತು.

ಈಗ ನಮ್ಮ ಡೆಸ್ಕಿಗೆ ಕನ್ನಡದ ಸುದ್ದಿಯನ್ನು ಇಂಗ್ಲಿಷ್‌ಗೆ ತಿರುಗಿಸುವ ಕೆಲಸವೂ ಸೇರಿಕೊಂಡಿದೆ. ಅಲ್ಲಿ ತಪ್ಪು ತಿರುಗಾ ಮುರುಗಾ ಆಗುತ್ತದೆ. ಕನ್ನಡದಲ್ಲಿ ‘ಕರಾವಳಿಯಲ್ಲಿ ಭಾರಿ ಮಳೆಯಾಗಲಿದೆ’ ಎಂಬುದು ಸಹಜ. ಅದನ್ನೇ ಒಬ್ಬ ಸಹೋದ್ಯೋಗಿ ‘ಹೆವಿ ರೇನ್ ಈಸ್ ಟು ಲ್ಯಾಶ್’ ಎಂದು ಬರೆದಿದ್ದಳು. ‘ಯಾಕೆ ಸಾರ್ ತಪ್ಪು? ಹೆಡ್‌ಲೈನಲ್ಲಿ ಹೆವಿ ರೇನ್ ಟು ಲ್ಯಾಶ್ ಅಂತಾರಲ್ಲ?’ ಎಂದು ಕೇಳಿದಳು. ಒಳ್ಳೆ ಪ್ರಶ್ನೆ. ತಲೆಬರಹದ ‘ಟು’ ಮುಂದೆ ಆಗುವುದೆಲ್ಲಕ್ಕೂ ಒಗ್ಗುತ್ತದೆ. ಆದರೆ ವಾಕ್ಯದೊಳಗಿನ ‘ಈಸ್ ಟು’ಗೆ ಯಾರಾದರೂ ಮನುಷ್ಯರು ಗೊತ್ತುಮಾಡಿರಬೇಕು. ಮಳೆಗೆ ಪ್ರವಾಸ ಕಾರ್ಯಕ್ರಮ ಬರೆದುಕೊಡುವವರಿಲ್ಲ. ಅಲ್ಲಿ ‘ಈಸ್ ಲೈಕ್ಲಿ ಟು’ ಅಥವಾ ‘ಈಸ್ ಎಕ್ಸ್‌ಪೆಕ್ಟೆಡ್ ಟು’ ಸರಿ.

ಮೊನ್ನೆ ಒಂದು ಸಾಲು ಬಂತು: ‘ಸ್ಕೂಲ್ಸ್ ಆರ್ ಟು ರಿಮೇನ್ ಕ್ಲೋಸ್ಡ್ ಆನ್ ಮಂಡೇ’. ರಜೆ ಕೊಟ್ಟವರು ಜಿಲ್ಲಾಧಿಕಾರಿಯೋ, ಅಥವಾ ಖಾಸಗಿ ಶಾಲೆಗಳ ಸಂಘ ತಾನೇ ಬಂದ್ ಮಾಡುತ್ತಿದೆಯೋ? ಕಾಪಿಯಲ್ಲಿ ಎಲ್ಲೂ ಇಲ್ಲ. ಪುಟ ಹೋಗಲು ಇಪ್ಪತ್ತು ನಿಮಿಷ. ಜಿಲ್ಲೆಯ ವರದಿಗಾರನಿಗೆ ಫೋನ್ ಹಚ್ಚಿದೆ. ‘ಡಿಸಿ ಆರ್ಡರ್ ಅಣ್ಣ, ಮಳೆ ಜಾಸ್ತಿ ಅಂತ. ಆದ್ರೆ ಎರಡೇ ತಾಲ್ಲೂಕಿಗೆ’ ಎಂದ. ತಲೆಬರಹ ‘ಎರಡು ತಾಲ್ಲೂಕುಗಳ ಶಾಲೆಗಳಿಗೆ ಇಂದು ರಜೆ’ ಎಂದಾಯಿತು. ‘ಇಂದು’ ಯಾಕೆಂದರೆ ಆಗ ಭಾನುವಾರ ರಾತ್ರಿ, ಓದುಗರ ಕೈಗೆ ಪೇಪರ್ ಸಿಗುವುದು ಸೋಮವಾರ ಬೆಳಿಗ್ಗೆ.