ಮಳೆಗಾಲಕ್ಕೆ ಯಾವ ಸ್ಟ್ರಿಂಗ್ ಹಾಕ್ಬೇಕು?

ಮೂಡಿಗೆರೆ, ಕೊಪ್ಪ ಕಡೆ ಗಿಟಾರ್ ಇಟ್ಕೊಂಡಿರೋರು ಇದನ್ನ ಓದಿ ಮಾರಾಯ್ರೆ. ಅಕೌಸ್ಟಿಕ್ ಗಿಟಾರ್‌ಗೆ ಬ್ರಾಂಜ್ ಸ್ಟ್ರಿಂಗಲ್ಲೇ ಎರಡು ಥರ ಇದೆ, 80/20 ಅನ್ನೋದು ತಾಮ್ರ ಮತ್ತೆ ಸತು, ಹೊಸದ್ರಲ್ಲಿ ಗಣಗಣ ಅನ್ನುತ್ತೆ ಆದ್ರೆ ನಮ್ಮ ಥಂಡಿಗೆ ಬೇಗ ಕಪ್ಪಾಗಿ ದನಿ ಸತ್ತೋಗುತ್ತೆ. ಫಾಸ್ಫರ್ ಬ್ರಾಂಜ್ ಸ್ವಲ್ಪ ಮೆತ್ತಗಿನ ದನಿ, ಬಾಳಿಕೆ ಜಾಸ್ತಿ, ಜೂನ್‌ಗೆ ಮುಂಚೆ ನಾನು ಅದನ್ನೇ ಹಾಕೋದು.

ಹಳೇದಾಗಿದ್ಯಾ ಅಂತ ನೋಡೋಕೆ ಫ್ರೆಟ್ ಮೇಲೆ ಬರೋ ಜಾಗದಲ್ಲಿ ಸ್ಟ್ರಿಂಗ್ ಕೆಳಗೆ ಉಗುರು ಎಳೀರಿ, ಗುಳಿ ಸಿಕ್ರೆ ಸುತ್ತಿದ ತಂತಿ ಸವೆದಿದೆ ಅಂತ. ಆಮೇಲೆ ಓಪನ್ ಟ್ಯೂನ್ ಸರಿ ಇದ್ರೂ ಹನ್ನೆರಡನೇ ಫ್ರೆಟ್ಟಲ್ಲಿ ಅಪಸ್ವರ ಬರ್ತಿದ್ರೆ ಮೊದ್ಲು ಸ್ಟ್ರಿಂಗ್ ಬದಲಾಯ್ಸಿ ನೋಡಿ.

ನೈಲಾನ್‌ಗೆ ತುಕ್ಕಿಲ್ಲ, ದನಿ ಮೃದು. ಆದ್ರೆ ಅದರ ಮೂರು ದಪ್ಪ ಸ್ಟ್ರಿಂಗ್ ಮೇಲೆ ಲೋಹದ ತಂತಿ ಸುತ್ತಿರುತ್ತೆ, ಸಾಮಾನ್ಯವಾಗಿ ಡಿ ಸ್ಟ್ರಿಂಗೇ ಮೊದ್ಲು ಹೋಗೋದು. ನೈಲಾನ್ ಗಿಟಾರ್‌ಗೆ ಮಾತ್ರ ದಯವಿಟ್ಟು ಸ್ಟೀಲ್ ಹಾಕ್ಬೇಡಿ, ಎಳೆತ ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ, ಬ್ರಿಡ್ಜ್ ಕಿತ್ಕೊಂಡು ಬರುತ್ತೆ.

ವಯೊಲಿನ್ನೋರಿಗೆ, ಗಟ್ ಅಂದ್ರೆ ಕುರಿ ಕರುಳಿಂದು, ನಾದ ತುಂಬಾ ಚೆಂದ, ಆದ್ರೆ ಥಂಡಿ ಹೀರ್ಕೊಂಡು ಶ್ರುತಿ ನಿಲ್ಲಲ್ಲ. ಮಳೆಗಾಲದಲ್ಲಿ ಸ್ಟೀಲ್ ಇಲ್ಲಾ ಸಿಂಥೆಟಿಕ್ ಕೋರ್ ಹಾಕಿ.