ಮೆಕ್ಕೆಜೋಳದ ಫೋಟೊ ನೋಡಿ ಹುಳುವನ್ನು ಹೆಸರಿಸುವಾಗ

ದಾವಣಗೆರೆ ಸುತ್ತಲಿನ ಮೆಕ್ಕೆಜೋಳದ ಹೊಲಗಳಿಂದ ರೈತರ ಗುಂಪಿಗೆ ಬರುವ ಅನೇಕ ಫೋಟೊಗಳಲ್ಲಿ ಹುಳುವೇ ಇರುವುದಿಲ್ಲ. ಹರಿದ ಸುಳಿ, ತೂತುಬಿದ್ದ ಎಲೆ, ಒಂದಿಷ್ಟು ಹಿಕ್ಕೆ ಮಾತ್ರ ಕಾಣುತ್ತವೆ. ಅಂಥದ್ದಕ್ಕೆ ಉತ್ತರಿಸುವಾಗ, “ಹುಳು ತಿಂದಿರುವುದು ಖಚಿತ, ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ ತುಂಬಿರುವುದರಿಂದ ಫಾಲ್ ಸೈನಿಕ ಹುಳುವಿನ ಸಾಧ್ಯತೆ ಹೆಚ್ಚು, ಹುಳು ಕಾಣದೆ ಇದಕ್ಕಿಂತ ಮುಂದೆ ಹೇಳಲಾರೆ” ಎಂದು ಕಂಡದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸಿ ಬರೆಯಿರಿ. ಎಲೆಗೆ ಅಡ್ಡಲಾಗಿ ಸಾಲು ತೂತುಗಳಷ್ಟೇ ಇದ್ದರೆ ಕಾಂಡ ಕೊರೆಯುವ ಹುಳುವಿನ ಹೆಸರನ್ನೂ ಸೇರಿಸಬೇಕು. (ಲೆಕ್ಕವೇ ಇಲ್ಲದ “80 ಪರ್ಸೆಂಟ್ ಅದೇ” ಎಂಬ ಮಾತು ಬೇಡ.) ಸುಳಿ ಬಿಡಿಸಿ, ಹುಳುವಿನ ತಲೆ ಮತ್ತು ಹಿಂತುದಿಯ ಫೋಟೊ ತೆಗೆದು ಕಳುಹಿಸುವಂತೆ ಕೇಳಿ: ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಹಿಂತುದಿಯಲ್ಲಿ ಚೌಕಾಕಾರದ ನಾಲ್ಕು ಕಪ್ಪು ಚುಕ್ಕೆಗಳು, ಇವೆರಡೂ ಕಂಡರೆ ಫಾಲ್ ಸೈನಿಕ ಹುಳುವೆಂಬುದು “ಬಹುತೇಕ ಖಚಿತ” ಎನ್ನಬಹುದು, ಆದರೆ ತೀರ ಎಳೆಯ ಮರಿಹುಳುವಿನಲ್ಲಿ ಇವು ಸ್ಪಷ್ಟವಾಗಿರುವುದಿಲ್ಲ.