ಜಾತ್ರೆ ಫೋಟೋ ಸ್ಟೋರೇಜ್ ಸೇವರ್‌ನಲ್ಲಿ, ಅಜ್ಜಿ ಫೋಟೋ ಒರಿಜಿನಲ್‌ನಲ್ಲಿ

ನಮ್ಮ ಮನೆಯ ಗೂಗಲ್ ಫೋಟೋಸ್ ಆಲ್ಬಮ್ಮನ್ನು ಶಿರಸಿಯಿಂದ ನಾನು ತುಂಬಿಸುತ್ತೇನೆ. ನ್ಯೂಜೆರ್ಸಿಯಲ್ಲಿ ಅಕ್ಕ, ದುಬೈನಲ್ಲಿ ತಮ್ಮ ನೋಡುತ್ತಾರೆ. ಫೋನಿನಲ್ಲಿ ತೆಗೆದದ್ದೆಲ್ಲ ಜಾಗ ಉಳಿಸಲು ಕುಗ್ಗಿಸಿ ಇಡುವ ಸ್ಟೋರೇಜ್ ಸೇವರ್‌ನಲ್ಲಿ, ಹಳೇ ಫೋಟೋಗಳ ಸ್ಕ್ಯಾನ್ ಮಾತ್ರ ಇದ್ದದ್ದು ಇದ್ದಂತೆ ಇಡುವ ಒರಿಜಿನಲ್‌ನಲ್ಲಿ. ಇದು ನಾನು ಹಾಕಿಕೊಂಡ ಲೆಕ್ಕ. ಅಕ್ಕನ ಮಗ ಒಪ್ಪಿರಲಿಲ್ಲ. "ಮಾವ, ಎಲ್ಲಾ ಒರಿಜಿನಲ್ಲೇ ಹಾಕಿ, ಇಲ್ದಿದ್ರೆ ಫೋಟೋ ಹಾಳಾಗತ್ತೆ" ಅಂತ ಪಟ್ಟು ಹಿಡಿದಿದ್ದ.

ಮೊದಲು ಅವನ ದಾರಿಯಲ್ಲೇ ಹೋದೆವು. ಮಾರಿಕಾಂಬಾ ಜಾತ್ರೆಯ ತೇರಿನ ವಿಡಿಯೋ 4ಕೆಯಲ್ಲಿತ್ತು, ನಿಮಿಷಕ್ಕೆ ಸುಮಾರು 350 ಎಂಬಿ. ಮೇಲ್, ಡ್ರೈವ್ ಎಲ್ಲ ಸೇರಿ ಪುಕ್ಕಟೆಯಾಗಿ ಸಿಗುವುದು 15 ಜಿಬಿ, ಜಾತ್ರೆ ಮುಗಿಯುವುದರೊಳಗೆ ಅದು ಭರ್ತಿ. ಆಲ್ಬಮ್ ಎಷ್ಟು ಜನ ನೋಡಿದರೂ ಜಾಗ ಹೋಗುವುದು ಹಾಕಿದವರದ್ದೇ, ಅಂದರೆ ನನ್ನದೇ. "ನನ್ನ ದೊಡ್ಡ ಪ್ಲಾನಿಗೆ ಸೇರ್ಕೊಳ್ಳಿ" ಅಂದ. ಅದೂ ಆಗಲಿಲ್ಲ. ಪ್ಲಾನ್ ಹಂಚಿಕೊಳ್ಳುವ ಗೂಗಲ್ ಫ್ಯಾಮಿಲಿ ಗ್ರೂಪಿನಲ್ಲಿ ಎಲ್ಲರೂ ಒಂದೇ ದೇಶದಲ್ಲಿರಬೇಕು. ತಮ್ಮನ ಮಗಳು ಐಫೋನಿನ ಶೇರ್ಡ್ ಆಲ್ಬಮ್ ಮಾಡಿಕೊಟ್ಟಳು. ಅದು ಪುಕ್ಕಟೆ, ಆದರೆ ಫೋಟೋದ ಉದ್ದ ಬದಿಯನ್ನು 2048 ಪಿಕ್ಸೆಲ್‌ಗೆ ಇಳಿಸಿಬಿಡುತ್ತದೆ. ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟಿಗೆ ಸಾಕು, ಗೋಡೆಗೆ ಹಾಕಲು ಸಾಲದು. ಕೊನೆಗೆ ತಿಂಗಳಿಗೆ 130 ರೂಪಾಯಿಯ 100 ಜಿಬಿ ಪ್ಲಾನ್ ತಗೊಂಡೆ. ಆ ಜಾಗ ವರ್ಷಗಟ್ಟಲೆ ಬರಬೇಕೆಂದರೆ ಯಾವುದಕ್ಕೆ ಒರಿಜಿನಲ್ ಬೇಕು ಅಂತ ಆರಿಸಲೇಬೇಕು.

ಸ್ಟೋರೇಜ್ ಸೇವರ್ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಫೋಟೋವನ್ನು 16ಕ್ಕೆ ಇಳಿಸುತ್ತದೆ, ವಿಡಿಯೋವನ್ನು 1080ಪಿಗೆ. ನಮ್ಮ ಫೋನುಗಳು ಮಾಮೂಲಿಯಾಗಿ ತೆಗೆಯುವುದೇ 12 ಮೆಗಾಪಿಕ್ಸೆಲ್. ಅದರ ಅಳತೆ ಹಾಗೇ ಉಳಿಯುತ್ತದೆ, ಫೈಲಿನ ತೂಕ ಮಾತ್ರ ಕಡಿಮೆ. ಸುಮ್ನೆ ನೋಡೋಣ ಅಂತ ಒಂದೇ ಫೋಟೋವನ್ನು ಎರಡೂ ಥರ ಹಾಕಿ, ಡೌನ್‌ಲೋಡ್ ಮಾಡಿಕೊಂಡು, ಇಲ್ಲೇ ಸ್ಟುಡಿಯೋದಲ್ಲಿ 12×18ಕ್ಕೆ ಪ್ರಿಂಟ್ ಹಾಕಿಸಿದೆ. ಯಾವುದು ಯಾವುದು ಅಂತ ಭಾವನಿಗೂ ಗೊತ್ತಾಗಲಿಲ್ಲ, ಸ್ಟುಡಿಯೋದವನಿಗೂ ಗೊತ್ತಾಗಲಿಲ್ಲ.

ಹಳೇ ಗ್ರೂಪ್ ಫೋಟೋದ ಕಥೆ ಬೇರೆ. ಅಜ್ಜಿಯದ್ದು ನಮ್ಮಲ್ಲಿರುವುದು ಒಂದೇ ಫೋಟೋ, ಅದೂ ದೊಡ್ಡಪ್ಪನ ಮದುವೆಯ 8×10 ಇಂಚಿನ ಗ್ರೂಪಿನಲ್ಲಿ, ಹಿಂದಿನ ಸಾಲಿನಲ್ಲಿ. ಅಕ್ಕನಿಗೆ ಅಜ್ಜಿಯೊಬ್ಬಳದ್ದೇ ಬೇಕಿತ್ತು, ಕಟ್ಟು ಹಾಕಿಸಲಿಕ್ಕೆ. 600 ಡಿಪಿಐಯಲ್ಲಿ, ಅಂದರೆ ಇಂಚಿಗೆ 600 ಪಿಕ್ಸೆಲ್‌ನಂತೆ, ಸ್ಕ್ಯಾನ್ ಮಾಡಿದರೆ 4800×6000, ಹತ್ತಿರ ಹತ್ತಿರ 29 ಮೆಗಾಪಿಕ್ಸೆಲ್. ಅದರಲ್ಲಿ ಅಜ್ಜಿಯ ಮುಖ 200 ಪಿಕ್ಸೆಲ್ ಎತ್ತರ. ಸ್ಟೋರೇಜ್ ಸೇವರ್‌ನಲ್ಲಿ ಹಾಕಿದರೆ 150. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ್ದರಲ್ಲಿ 50ರ ಆಸುಪಾಸು, ಕಣ್ಣು ಮೂಗು ಎಲ್ಲ ಕಲಸಿಹೋಗಿತ್ತು. ಆ 200 ಕೂಡ ಕಟ್ಟಿಗೆ ಸಾಲದು. ಅದಕ್ಕೇ ಅಜ್ಜಿ ನಿಂತ ಜಾಗದ ಒಂದು ಇಂಚನ್ನಷ್ಟೇ ಬೇರೆಯಾಗಿ 1200 ಡಿಪಿಐಯಲ್ಲಿ ತೆಗೆದೆ. ತಲೆಯಿಂದ ಎದೆಯವರೆಗೆ 1200 ಪಿಕ್ಸೆಲ್ ಸಿಕ್ಕಿತು, ಇಂಚಿಗೆ 300ರಂತೆ 4 ಇಂಚಿನ ಪ್ರಿಂಟಿಗೆ ಸರಿಯಾಗಿ. ಹಳೇ ಸ್ಟುಡಿಯೋಗಳ ದೊಡ್ಡ ನೆಗೆಟಿವ್‌ನಿಂದ ಹಾಕಿದ ಪ್ರಿಂಟಾದ್ದರಿಂದ ಅಷ್ಟು ವಿವರ ಅದರಲ್ಲಿತ್ತು. ಆಮೇಲೆ ಬಂದ ಒರಟು ಕಾಗದದ ಕಲರ್ ಫೋಟೋಗಳಲ್ಲಿ 1200ಕ್ಕೆ ಹೋದರೆ ಕಾಗದದ ಗೀರೇ ದೊಡ್ಡದಾಗಿ ಕಾಣುತ್ತದೆ, ಅಲ್ಲಿ 600 ಸಾಕು.

ಈ ತುಂಡು ಒಂದೂವರೆ ಮೆಗಾಪಿಕ್ಸೆಲ್ ಕೂಡ ಇಲ್ಲ, ಹಾಗಾಗಿ ಸ್ಟೋರೇಜ್ ಸೇವರ್ ಇದರ ಅಳತೆ ಮುಟ್ಟುವುದಿಲ್ಲ. ಆದರೂ ಒರಿಜಿನಲ್‌ನಲ್ಲೇ ಹಾಕಿದೆ. ಮತ್ತೆ ಕಂಪ್ರೆಸ್ ಮಾಡಿದರೆ ಕಪ್ಪು-ಬಿಳುಪು ಫೋಟೋದಲ್ಲಿರುವ ಕಾಳಿನಂಥ ಸಣ್ಣ ಚುಕ್ಕೆಗಳು ಅಳಿಸಿ, ಕೆನ್ನೆ ಮೇಣದ ಹಾಗೆ ನುಣ್ಣಗಾಗುತ್ತದೆ.

ಫೋನಿನಲ್ಲಿ Storage saver ಇಟ್ಟಿದ್ದೇನೆ. ಸ್ಕ್ಯಾನುಗಳನ್ನು ಕಂಪ್ಯೂಟರಿನಿಂದ, photos.google.com/settings ನಲ್ಲಿ Original quality ಮಾಡಿ ಹಾಕುತ್ತೇನೆ. ಒಮ್ಮೆ ಇಳಿದು ಹೋದದ್ದು ಆಮೇಲೆ ಸೆಟ್ಟಿಂಗ್ ಬದಲಿಸಿದರೆ ಏರುವುದಿಲ್ಲ, ಹೊಸದಕ್ಕೆ ಮಾತ್ರ ಅನ್ವಯ. ಅನುಮಾನ ಬಂದರೆ ಫೋಟೋದ ಮಾಹಿತಿ ತೆರೆದು ಪಿಕ್ಸೆಲ್ ಅಳತೆ ನೋಡಿ. ಹೆಸರಿನಲ್ಲಿ `IMG-20240312-WA0007` ಅನ್ನುವಂತೆ WA ಇದ್ದರೆ ಅದು ವಾಟ್ಸಾಪಿನಿಂದ ಬಂದದ್ದು. ಅಂಥದ್ದನ್ನು ಒರಿಜಿನಲ್‌ನಲ್ಲಿ ಹಾಕಿ ಏನೂ ಲಾಭವಿಲ್ಲ, ಕಳಿಸಿದವರಿಂದ ಡಾಕ್ಯುಮೆಂಟ್ ಆಗಿ ಮತ್ತೆ ತರಿಸಿಕೊಳ್ಳಿ. ಫೋನಿನ Free up space ಒತ್ತುವ ಮೊದಲು ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಹಾಕಿಕೊಳ್ಳುತ್ತೇನೆ, ಇಲ್ಲದಿದ್ದರೆ ಉಳಿಯುವುದು ಇಳಿಸಿದ ಪ್ರತಿ ಮಾತ್ರ.

ಅಕ್ಕ ಅಜ್ಜಿಯ ಫೋಟೋ ಅಲ್ಲೇ ಪ್ರಿಂಟ್ ಹಾಕಿಸಿ ಕಟ್ಟು ಹಾಕಿಸಿದ್ದಾಳೆ. ಅವಳ ಮಗ ಈಗ ಅವನ ಅಪ್ಪನ ಕಡೆಯ ಹಳೇ ಆಲ್ಬಮ್ ಕಳಿಸ್ತೇನೆ, ಸ್ಕ್ಯಾನ್ ಮಾಡಿಕೊಡಿ ಅಂದಿದ್ದಾನೆ. ನೂರು ಜಿಬಿಯಲ್ಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಖಾಲಿ ಇದೆ.